ಬೊಂಬೆಯ ಮುಂದೆ ಕಲಿತದ್ದು ಹೆರಿಗೆ ಕೋಣೆಯವರೆಗೆ ಬರುತ್ತದೆಯೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿನ ಆರೈಕೆಯನ್ನು ಬಿ.ಎಸ್ಸಿ. ನರ್ಸಿಂಗ್‌ನ 60 ವಿದ್ಯಾರ್ಥಿಗಳಿಗೆ ಸಿಮ್ಯುಲೇಷನ್ ಮೂಲಕ ಕಲಿಸಿ, ಆ ಕಾರ್ಯಕ್ರಮವನ್ನು ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತಗಳಲ್ಲಿ ಮೌಲ್ಯಮಾಪನ ಮಾಡಬೇಕೆಂದಿದ್ದೇನೆ. ನಾಲ್ಕೂ ಹಂತ ಇರಲೇಬೇಕು ಎಂದು ಗೈಡ್ ಮೇಡಂ ಹೇಳುತ್ತಾರೆ. ಕೈಯಲ್ಲಿರುವುದು ಆರು ತಿಂಗಳು. ಯಾವ ಹಂತದಲ್ಲಿ ಏನನ್ನು ಅಳೆಯಲಿ? ಓಎಸ್‌ಸಿಇ ಎಂಬ ಪ್ರಾಯೋಗಿಕ ಪರೀಕ್ಷೆಯ ಅಂಕವನ್ನೇ ಮೂರನೇ ಹಂತವೆಂದು ತೋರಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ತೋರಿಸಲಾಗದು. ಓಎಸ್‌ಸಿಇ ಎಷ್ಟೇ ಕಟ್ಟುನಿಟ್ಟಾಗಿ ನಡೆದಿರಲಿ, ಬೊಂಬೆ ಎಷ್ಟೇ ಮಗುವಿನಂತಿರಲಿ, ಅಲ್ಲಿ ವಿದ್ಯಾರ್ಥಿ ಮಾಡಿ ತೋರಿಸುವುದು ತನಗೆ ಏನು ಬರುತ್ತದೆ ಎಂಬುದನ್ನು. ಯಾರೂ ಅಂಕ ಕೊಡದ ಕಡೆ, ಬೇರೆ ಹತ್ತು ಕೆಲಸಗಳ ನಡುವೆ, ಆಕೆ ಅದನ್ನು ಮಾಡುತ್ತಾಳೆಯೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದು ಎರಡನೇ ಹಂತವಾದ ಕಲಿಕೆ. ಎರಡನೆಯದು ಮೂರನೇ ಹಂತವಾದ ನಡವಳಿಕೆ. ನಾನು ಪರೀಕ್ಷಕನಾಗಿ ನೋಡಿದ ಪ್ರಬಂಧಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಈ ಎರಡನ್ನು ಒಂದೆಂದು ಎಣಿಸಿದ್ದು.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ತಮ್ಮ ವಿಚಾರವನ್ನು 1959ರಲ್ಲಿ ಅಮೆರಿಕದ ತರಬೇತುದಾರರ ಪತ್ರಿಕೆಯೊಂದರಲ್ಲಿ ಲೇಖನಗಳಾಗಿ ಬರೆಯಲಾರಂಭಿಸಿದರು. ಅವರ ಕಣ್ಣ ಮುಂದಿದ್ದವರು ಕಂಪನಿಗಳ ನೌಕರರು: ತರಬೇತಿ ಅವರಿಗೆ ಹಿಡಿಸಿತೇ, ಅವರು ಕಲಿತರೇ, ಕೆಲಸದ ಜಾಗದಲ್ಲಿ ನಡೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ. ಆರೋಗ್ಯ ಶಿಕ್ಷಣಕ್ಕೆ ಇದನ್ನು ಹೊಂದಿಸುವಾಗ ಬ್ರಿಟನ್ನಿನ ಬಾರ್ ಮತ್ತು ಸಂಗಡಿಗರು 2000ದಲ್ಲಿ ಎರಡನೇ ಹಂತವನ್ನು ಮನೋಭಾವದ ಬದಲಾವಣೆ ಮತ್ತು ಜ್ಞಾನ-ಕೌಶಲಗಳ ಗಳಿಕೆ ಎಂದೂ, ನಾಲ್ಕನೆಯದನ್ನು ಸಂಸ್ಥೆಯ ಕಾರ್ಯವಿಧಾನದ ಬದಲಾವಣೆ ಮತ್ತು ರೋಗಿಗೆ ಆದ ಒಳಿತು ಎಂದೂ ಸೀಳಿದರು. ನಿಮ್ಮ ಅಧ್ಯಯನಕ್ಕೆ ಈ ಸೀಳಿದ ರೂಪವೇ ಅನುಕೂಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಹಂತ ಎಂಬ ಪದ ಕೇಳಿದ ಕೂಡಲೇ ಮೆಟ್ಟಿಲು ನೆನಪಾಗುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಒಳ್ಳೆಯ ಅಂಕ ಬಂದರೆ ಮೇಲಿನದರಲ್ಲೂ ಬರುತ್ತದೆ ಎಂದು ಮನಸ್ಸು ತಾನೇ ಲೆಕ್ಕ ಹಾಕುತ್ತದೆ. ಆದರೆ ಅಲಿಗರ್ ಮತ್ತು ಸಂಗಡಿಗರು 1997ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತರಬೇತಿ ಇಷ್ಟವಾಯಿತು ಎನ್ನುವುದಕ್ಕೂ ಕಲಿಕೆಗೂ ನಡುವಿನ ನಂಟು ತೀರ ತೆಳುವಾಗಿ ಕಂಡಿತು. ಆದ್ದರಿಂದ ಪ್ರತಿ ಹಂತಕ್ಕೂ ಅದರದ್ದೇ ಆದ ಪುರಾವೆ ಬೇಕು. ಒಂದು ಹಂತದ ಅಂಕವನ್ನು ಇನ್ನೊಂದಕ್ಕೆ ಸಾಲ ಕೊಡಲಾಗದು.

ಮೊದಲ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಬಹುಶಃ ಐದು ಅಂಶಗಳ ತೃಪ್ತಿ ಮತ್ತು ಎಂಟು ಅಂಶಗಳ ಆತ್ಮವಿಶ್ವಾಸ ಇರುವ, ಸಿಮ್ಯುಲೇಷನ್ ಅಧ್ಯಯನಗಳಲ್ಲಿ ಎಲ್ಲರೂ ಬಳಸುವ ಆ 13 ಅಂಶಗಳ ಮಾಪಕವನ್ನೇ ಆರಿಸಿಕೊಂಡಿರುತ್ತೀರಿ. ಬಳಸಿ, ಅಡ್ಡಿಯಿಲ್ಲ, ಆದರೆ ಎರಡೂ ಭಾಗಗಳ ಅಂಕವನ್ನು ಕೂಡಿಸಿ ಒಂದೇ ಸರಾಸರಿ ಮಾಡಬೇಡಿ. ತೃಪ್ತಿ ಮೊದಲ ಹಂತದ ಸಂಗತಿ. ಆತ್ಮವಿಶ್ವಾಸ ವಿದ್ಯಾರ್ಥಿ ತನ್ನ ಬಗ್ಗೆ ತಾನು ಇಟ್ಟುಕೊಂಡ ಎಣಿಕೆ, ಅದು ಎರಡನೇ ಹಂತದ ಮನೋಭಾವದ ಕಡೆಗೆ ಸೇರುತ್ತದೆ, ಮತ್ತು ಕೌಶಲಕ್ಕೆ ಬದಲಿಯಾಗಿ ಎಂದೂ ನಿಲ್ಲದು. ಹಾಳೆಗಳನ್ನು ಹಂಚುವವರು ಇಂಟರ್ನಲ್ ಅಂಕ ಕೊಡುವ ಶಿಕ್ಷಕರಾಗಿರಬಾರದು. ಇದನ್ನು ಮರೆತ ಒಂದು ತರಗತಿಯಲ್ಲಿ ನನಗೆ ಬಂದ ಹಾಳೆಗಳಲ್ಲಿ ಅರ್ಧದಷ್ಟರಲ್ಲಿ, ‘ಸಂಪೂರ್ಣ ಒಪ್ಪುತ್ತೇನೆ’ ಎಂಬ ಅಂಕಣದಲ್ಲಿ ಮೇಲಿನಿಂದ ಕೆಳಕ್ಕೆ ಸ್ಕೇಲ್ ಇಟ್ಟು ಎಳೆದಂತೆ ಒಂದೇ ಸಾಲಿನ ಟಿಕ್ ಗುರುತುಗಳಿದ್ದವು. ಅದೇ ಹಾಳೆಯ ಕೊನೆಯಲ್ಲಿ ‘ಎಲ್ಲಿ ತಡವರಿಸಿದಿರಿ?’ ಎಂದು ಕನ್ನಡದಲ್ಲಿ ಕೇಳಿದ್ದ ಒಂದೇ ಪ್ರಶ್ನೆಗೆ ಒಬ್ಬ ಹುಡುಗಿ, ‘ಬ್ಯಾಗ್ ಒತ್ತುವಾಗ ಎದೆ ಏಳುತ್ತಿದೆಯೋ ಇಲ್ಲವೋ ಕಾಣಲೇ ಇಲ್ಲ, ಬಟ್ಟೆ ಮುಚ್ಚಿತ್ತು’ ಎಂದು ಬರೆದಿದ್ದಳು. ಮುಂದಿನ ಬ್ಯಾಚಿಗೆ ನಾವು ಬದಲಿಸಿದ್ದು ಆ ಒಂದು ಸಾಲನ್ನು ನೋಡಿ. ಮೊದಲ ಹಂತದಿಂದ ಸಿಗುವ ನಿಜವಾದ ಲಾಭ ಇಂಥದು. ಅದಕ್ಕೆ ಪ್ರಬಂಧದಲ್ಲಿ ಒಂದೂವರೆ ಪುಟ ಸಾಕು.

ಎರಡನೇ ಹಂತದಲ್ಲಿ ಜ್ಞಾನ ಮತ್ತು ಕೌಶಲ ಎರಡನ್ನೂ ಅಳೆಯುತ್ತೀರಿ. ಜ್ಞಾನಕ್ಕೆ ಬಹು ಆಯ್ಕೆ ಪ್ರಶ್ನೆಪತ್ರಿಕೆ ಸರಿ, ಆದರೆ ಪ್ರಿ-ಟೆಸ್ಟಿಗೂ ಪೋಸ್ಟ್-ಟೆಸ್ಟಿಗೂ ಒಂದೇ ಪತ್ರಿಕೆ ಕೊಟ್ಟರೆ, ಏರಿದ ಅಂಕದಲ್ಲಿ ಎಷ್ಟು ಪಾಲು ಕಲಿಕೆಯದು, ಎಷ್ಟು ಪಾಲು ಪ್ರಶ್ನೆ ನೆನಪಿದ್ದದ್ದರದು ಎಂದು ಬೇರ್ಪಡಿಸಲಾಗದು. ಒಂದೇ ಕಷ್ಟಮಟ್ಟದ ಎರಡು ಪತ್ರಿಕೆ ಮಾಡಿ, ಅರ್ಧ ಜನರಿಗೆ ಮೊದಲು ಒಂದು, ಉಳಿದರ್ಧಕ್ಕೆ ಮೊದಲು ಇನ್ನೊಂದು ಕೊಟ್ಟರೆ ಈ ತೊಡಕು ಬಹುಪಾಲು ನೀಗುತ್ತದೆ.

ಕೌಶಲದ ಅಳತೆಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನೀವು ಕಲಿಸುತ್ತಿರುವುದು ಮಗು ಹುಟ್ಟಿದ ಮೊದಲ ಒಂದು ನಿಮಿಷದ ಕೆಲಸ: ಒರೆಸುವುದು, ಒದ್ದೆ ಬಟ್ಟೆ ತೆಗೆಯುವುದು, ಅಳದಿದ್ದರೆ ಬೆನ್ನು ತೀಡಿ ಪ್ರಚೋದಿಸುವುದು, ಆಗಲೂ ಉಸಿರು ಬಾರದಿದ್ದರೆ 60 ಸೆಕೆಂಡಿನೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಆರಂಭಿಸಿ, ನಿಮಿಷಕ್ಕೆ ಸುಮಾರು 40ರಂತೆ ಎದೆ ಏಳುವುದನ್ನು ನೋಡುತ್ತ ಮುಂದುವರಿಸುವುದು. ಇವುಗಳ ಚೆಕ್‌ಲಿಸ್ಟ್ ನಿಮ್ಮ ಬಳಿ ಇದ್ದೇ ಇರುತ್ತದೆ. ಇಬ್ಬರು ಪರೀಕ್ಷಕರು ಒಂದೇ ವಿಡಿಯೊ ನೋಡಿ ಒಂದೇ ಟಿಕ್ ಹಾಕುತ್ತಾರೆಯೇ ಎಂದು ಪೈಲಟ್ ಹಂತದಲ್ಲಿಯೇ ನೋಡದೆ ಹೋದರೆ ಮಾತ್ರ ಆ ಚೆಕ್‌ಲಿಸ್ಟ್ ಏನನ್ನು ಅಳೆಯುತ್ತಿದೆ ಎಂದೇ ತಿಳಿಯುವುದಿಲ್ಲ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ; ಅಂಕಿಗಳು ನಾನು ಉದಾಹರಣೆಗಾಗಿ ಇಟ್ಟುಕೊಂಡವು. ಪೈಲಟ್‌ನಲ್ಲಿ 40 ವಿಡಿಯೊ ಇವೆ ಎನ್ನಿ. ‘60 ಸೆಕೆಂಡಿನೊಳಗೆ ಬ್ಯಾಗ್ ಆರಂಭಿಸಿದರು’ ಎಂಬ ಅಂಶಕ್ಕೆ ಇಬ್ಬರೂ ಹೌದು ಎಂದದ್ದು 26ರಲ್ಲಿ, ಇಬ್ಬರೂ ಇಲ್ಲ ಎಂದದ್ದು 6ರಲ್ಲಿ, ಒಬ್ಬರು ಹೌದು ಇನ್ನೊಬ್ಬರು ಇಲ್ಲ ಎಂದದ್ದು ನಾಲ್ಕು ನಾಲ್ಕರಂತೆ 8ರಲ್ಲಿ. ಒಮ್ಮತ 40ಕ್ಕೆ 32, ಅಂದರೆ ಶೇ. 80. ನೋಡಲು ಚೆನ್ನಾಗಿದೆ. ಆದರೆ ಇಬ್ಬರೂ ನಾಲ್ಕರಲ್ಲಿ ಮೂರು ಪಾಲು ವಿಡಿಯೊಗಳಿಗೆ ಹೌದು ಎನ್ನುವವರೇ ಆಗಿರುವುದರಿಂದ, ಕಣ್ಣು ಮುಚ್ಚಿ ಟಿಕ್ ಹಾಕಿದರೂ ಶೇ. 62.5ರಷ್ಟು ಒಮ್ಮತ ತಾನಾಗಿಯೇ ಬರುತ್ತದೆ. ಆಕಸ್ಮಿಕವಾಗಿ ಬರುವ ಆ ಪಾಲನ್ನು ಕಳೆದರೆ ಗಳಿಸಬಹುದಾಗಿದ್ದ 37.5ರಲ್ಲಿ ನಿಜವಾಗಿ ಗಳಿಸಿದ್ದು 17.5, ಇವೆರಡರ ಅನುಪಾತವಾದ 0.47 ನಿಮ್ಮ ಕಾಪ್ಪಾ ಬೆಲೆ. ಸಾಧಾರಣ ಎನ್ನಬಹುದಾದ ಒಮ್ಮತ ಇದು. ಒಂದು ಕಾರ್ಯಕ್ರಮದ ಪರಿಣಾಮವನ್ನು ಇದರ ಮೇಲೆ ತೂಗಲು ನನಗಂತೂ ಧೈರ್ಯ ಬರುವುದಿಲ್ಲ. ಇಂಥ ಸಂದರ್ಭದಲ್ಲಿ ಭಿನ್ನಾಭಿಪ್ರಾಯ ಬಂದ ಎಂಟು ವಿಡಿಯೊಗಳನ್ನು ಇಬ್ಬರನ್ನೂ ಕೂರಿಸಿ ಮತ್ತೆ ನೋಡಬೇಕು. ನಾನು ಹಾಗೆ ಮಾಡಿಸಿದಾಗಲೆಲ್ಲ ಕಾರಣ ಒಂದು ಸಣ್ಣ ಸಂಗತಿಯೇ ಆಗಿರುತ್ತಿತ್ತು: ಒಬ್ಬರು ಮಗು ‘ಹೊರಬಂದ’ ಕ್ಷಣದಿಂದ ಗಡಿಯಾರ ಆರಂಭಿಸಿದ್ದರೆ, ಇನ್ನೊಬ್ಬರು ಬೊಂಬೆಯನ್ನು ವಾರ್ಮರ್ ಮೇಲೆ ಇಟ್ಟ ಕ್ಷಣದಿಂದ ಆರಂಭಿಸಿರುತ್ತಿದ್ದರು. ಚೆಕ್‌ಲಿಸ್ಟ್‌ನ ಆ ಸಾಲಿಗೆ ‘ಮಗು ಪೂರ್ತಿ ಹೊರಬಂದಿತು ಎಂದು ಪರೀಕ್ಷಕರು ಕೂಗಿ ಹೇಳಿದ ಕ್ಷಣದಿಂದ’ ಎಂದು ಸೇರಿಸಿ ಹೊಸ ವಿಡಿಯೊಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಪೋಸ್ಟ್-ಟೆಸ್ಟ್ ಯಾವಾಗ ಎಂಬುದೂ ಈ ಹಂತದ ಮಾತೇ. ಸಿಮ್ಯುಲೇಷನ್ ಮುಗಿದ ದಿನ ಮಧ್ಯಾಹ್ನವೇ, ಅದೇ ಸನ್ನಿವೇಶದ ಮೇಲೆ ಪರೀಕ್ಷೆ ಇಟ್ಟರೆ ನೀವು ಅಳೆಯುವುದು ಬೆಳಿಗ್ಗೆ ಮಾಡಿದ್ದು ಸಂಜೆಯವರೆಗೆ ಕೈಯಲ್ಲಿ ಉಳಿದಿದೆಯೇ ಎಂಬುದನ್ನು. ಈ ಕೌಶಲ ಬಳಕೆಯಿಲ್ಲದೆ ವಾರಗಳಲ್ಲೇ ಸಡಿಲವಾಗುತ್ತದೆ. ಹಾಗಾಗಿ ತಕ್ಷಣದ ಪರೀಕ್ಷೆಯ ಜೊತೆಗೆ ಆರರಿಂದ ಎಂಟು ವಾರಗಳ ನಂತರ, ಬೇರೆ ಕಥೆಯ ಸನ್ನಿವೇಶದಲ್ಲಿ, ಮುಂಚಿತವಾಗಿ ತಿಳಿಸದೆ ಇನ್ನೊಮ್ಮೆ ನೋಡಿ. ಆ ಎರಡನೆಯ ಅಂಕವೇ ಮುಖ್ಯ ಎಂದು ಸಿನಾಪ್ಸಿಸ್‌ನಲ್ಲಿ ಮೊದಲೇ ಬರೆದಿಡಿ; ಎರಡರಲ್ಲಿ ಯಾವುದು ಹೆಚ್ಚು ಬಂತೋ ಅದನ್ನು ಆಮೇಲೆ ಮುಖ್ಯವೆನ್ನುವ ಆಸೆ ಯಾರಿಗಾದರೂ ಬರುತ್ತದೆ.

ಇನ್ನು ಮೂರನೇ ಹಂತ. ನಿಮ್ಮ ವಿಷಯವನ್ನೇ ಕುರಿತ, ಓದಲೇಬೇಕಾದ ಒಂದು ಅನುಭವ ತಾಂಜಾನಿಯಾದ ಹೈಡಮ್ ಎಂಬ ಗ್ರಾಮೀಣ ಆಸ್ಪತ್ರೆಯದು. ನವಜಾತ ಶಿಶುವಿಗೆ ಉಸಿರು ಕೊಡುವ ಒಂದು ದಿನದ ಸಿಮ್ಯುಲೇಷನ್ ತರಬೇತಿಯನ್ನು ಅಲ್ಲಿನ ಸಿಬ್ಬಂದಿಗೆ ಕೊಟ್ಟರು. ಬೊಂಬೆಯ ಮೇಲಿನ ಪರೀಕ್ಷೆಯಲ್ಲಿ ಅವರು ಸ್ಪಷ್ಟವಾಗಿ ಸುಧಾರಿಸಿದ್ದರು. ಆದರೆ ಹೆರಿಗೆ ಕೋಣೆಯಲ್ಲಿ ಪ್ರತಿ ಹೆರಿಗೆಯನ್ನೂ ಗಮನಿಸುತ್ತಿದ್ದ ವೀಕ್ಷಕರ ದಾಖಲೆಯನ್ನು ತೆಗೆದು ನೋಡಿದರೆ, ನಿಜವಾದ ಮಗುವಿನ ಆರೈಕೆ ಬದಲಾಗಿರಲಿಲ್ಲ. 2013ರಲ್ಲಿ ಪ್ರಕಟವಾದ ಆ ವರದಿ ಎರಡನೇ ಹಂತಕ್ಕೂ ಮೂರನೇ ಹಂತಕ್ಕೂ ನಡುವಿನ ಕಂದಕವನ್ನು ತೋರಿಸುವ ಅತ್ಯುತ್ತಮ ಉದಾಹರಣೆ. ಅಲ್ಲಿನವರು ಅಲ್ಲಿಗೆ ಬಿಡಲಿಲ್ಲ. ಹೆರಿಗೆ ಕೋಣೆಯ ಪಕ್ಕದಲ್ಲೇ ಬೊಂಬೆಯನ್ನಿಟ್ಟು, ಕೆಲವೇ ನಿಮಿಷಗಳ ಅಭ್ಯಾಸವನ್ನು ಪದೇ ಪದೇ ಮಾಡಿಸಿದರು. ಆಗ ನಡವಳಿಕೆಯೂ ಬದಲಾಯಿತು, ಮೊದಲ 24 ಗಂಟೆಯ ಶಿಶುಮರಣವೂ ಇಳಿಯಿತು ಎಂದು 2015ರ ವರದಿ ಹೇಳುತ್ತದೆ. ಹೆರಿಗೆ ಕೋಣೆಯಲ್ಲಿ ವೀಕ್ಷಕರಿಲ್ಲದೆ ಬೊಂಬೆಯ ಅಂಕವನ್ನಷ್ಟೇ ಬರೆದಿದ್ದರೆ ಒಂದು ದಿನದ ತರಬೇತಿಯೇ ಸಾಕು ಎಂದು ಅವರು ಮುಗಿಸಿಬಿಡುತ್ತಿದ್ದರು.

ನಿಮ್ಮಲ್ಲಿ ತೊಡಕು ಇನ್ನೂ ಒಂದು ಇದೆ. ಬ್ಯಾಗ್ ಮತ್ತು ಮಾಸ್ಕ್ ಬೇಕಾಗುವ ಮಕ್ಕಳು ನೂರರಲ್ಲಿ ಮೂರೋ ಐದೋ. ತಿಂಗಳಿಗೆ 150 ಹೆರಿಗೆಯಾಗುವ ಆಸ್ಪತ್ರೆಯಲ್ಲಿ ಮೂರು ತಿಂಗಳು ಕೂತರೂ ಅಂಥ ಮಕ್ಕಳು ಇಪ್ಪತ್ತರ ಆಸುಪಾಸು ಸಿಗುತ್ತಾರೆ, ಅವರಲ್ಲಿ ಅರ್ಧದಷ್ಟು ಮಕ್ಕಳು ರಾತ್ರಿ ಪಾಳಿಯಲ್ಲಿ ಹುಟ್ಟುತ್ತಾರೆ, ಮತ್ತು ಹಾಗೆ ಹುಟ್ಟಿದಾಗ ಸ್ಟಾಫ್ ನರ್ಸ್ ವಿದ್ಯಾರ್ಥಿಯನ್ನು ಪಕ್ಕಕ್ಕೆ ಸರಿಸಿ ತಾನೇ ಕೈ ಹಾಕುತ್ತಾಳೆ, ಹಾಕಲೇಬೇಕು. ಆದ್ದರಿಂದ ‘ವಿದ್ಯಾರ್ಥಿಗಳು ಬ್ಯಾಗ್-ಮಾಸ್ಕ್ ಬಳಸಿದರೇ’ ಎಂಬುದನ್ನು ಮೂರನೇ ಹಂತದ ಅಳತೆಯಾಗಿ ಇಟ್ಟುಕೊಂಡರೆ ಕೊನೆಗೆ ಕೈಯಲ್ಲಿ ಉಳಿಯುವುದು ನಾಲ್ಕೈದು ಘಟನೆಗಳು. ಆರಿಸಬೇಕಾದದ್ದು ಪ್ರತಿ ಹೆರಿಗೆಯಲ್ಲೂ ಎದುರಾಗುವ, ವಿದ್ಯಾರ್ಥಿಗೆ ಮಾಡಲು ಅನುಮತಿ ಇರುವ, ಮತ್ತು ನಿಮ್ಮ ಸಿಮ್ಯುಲೇಷನ್‌ನಲ್ಲಿ ಹೇಳಿಕೊಟ್ಟ ನಡವಳಿಕೆಗಳನ್ನು. ನಾನಾದರೆ ಮೂರನ್ನು ಆರಿಸುತ್ತೇನೆ. ಮಗು ಹುಟ್ಟುವ ಮೊದಲು ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಸುಕಿ, ಒತ್ತಡ ನಿಲ್ಲುತ್ತದೆಯೇ, ವಾಲ್ವ್ ತೆರೆಯುತ್ತದೆಯೇ ಎಂದು ನೋಡಿದಳೇ. ಒಣಗಿದ ಬೆಚ್ಚನೆಯ ಎರಡು ಬಟ್ಟೆಗಳನ್ನು ಎತ್ತಿಟ್ಟುಕೊಂಡಳೇ. ಚೆನ್ನಾಗಿ ಅಳುತ್ತಿರುವ ಮಗುವಿಗೆ ಸಕ್ಷನ್ ಹಾಕದೆ ಬಿಟ್ಟಳೇ. ಮೂರನೆಯದು ಮಾಡದೆ ಇರುವುದನ್ನು ಅಳೆಯುತ್ತದೆ. ಅಭ್ಯಾಸಬಲದಿಂದ ಸಕ್ಷನ್ ಹಾಕುವ ವಾರ್ಡಿನಲ್ಲಿ ಹಾಕದೆ ಸುಮ್ಮನಿರುವುದು ವಿದ್ಯಾರ್ಥಿಗೆ ಎಷ್ಟು ಕಷ್ಟ ಎಂಬುದು ಪೋಸ್ಟಿಂಗ್ ಮಾಡಿದ ಎಲ್ಲರಿಗೂ ಗೊತ್ತು.

ವಿನ್ಯಾಸಕ್ಕೆ ನಿಮ್ಮ ಕಾಲೇಜಿನ ಪೋಸ್ಟಿಂಗ್ ಪಟ್ಟಿಯನ್ನೇ ಬಳಸಿಕೊಳ್ಳಿ. 60 ಜನ ಹತ್ತು ಹತ್ತರಂತೆ ಆರು ಬ್ಯಾಚಾಗಿ ಎರಡೆರಡು ವಾರ ಹೆರಿಗೆ ಕೋಣೆಗೆ ಹೋಗುತ್ತಾರೆ ಎಂದಾದರೆ ಒಟ್ಟು 12 ವಾರ. ಮೊದಲ ಮೂರು ಬ್ಯಾಚನ್ನು ಸಿಮ್ಯುಲೇಷನ್ ಇಲ್ಲದೆಯೂ ಕೊನೆಯ ಮೂರನ್ನು ಅದರೊಂದಿಗೂ ಕಳಿಸುವುದು ಸುಲಭವೆನಿಸುತ್ತದೆ, ಆದರೆ ಕೊನೆಯ ಬ್ಯಾಚಿನವರು ಅಷ್ಟರಲ್ಲಿ ಬೇರೆ ವಾರ್ಡುಗಳಲ್ಲಿ ಪಳಗಿರುತ್ತಾರೆ, ಆ ವ್ಯತ್ಯಾಸ ನಿಮ್ಮ ಫಲಿತಾಂಶದೊಳಗೆ ನುಸುಳುತ್ತದೆ. ಬದಲಿಗೆ ಒಂದು ಬಿಟ್ಟು ಒಂದರಂತೆ ಮಾಡಿ, ಯಾವ ಸರದಿ ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ: ಮೂರು ಬ್ಯಾಚಿಗೆ ಪೋಸ್ಟಿಂಗ್‌ಗೆ ಮುಂಚಿನ ವಾರ ಸಿಮ್ಯುಲೇಷನ್, ಉಳಿದ ಮೂರಕ್ಕೆ ಪೋಸ್ಟಿಂಗ್ ಮುಗಿದ ಮರುವಾರ. ಎಲ್ಲರಿಗೂ ಎಂದಿನ ಪಾಠ ಮತ್ತು ಪ್ರಾತ್ಯಕ್ಷಿಕೆ ಮೊದಲೇ ಆಗಿರುವುದರಿಂದ ಯಾರಿಂದಲೂ ಏನನ್ನೂ ಕಿತ್ತುಕೊಂಡಂತಾಗದು, ಎಥಿಕ್ಸ್ ಕಮಿಟಿಗೂ ಇದನ್ನು ವಿವರಿಸುವುದು ಕಷ್ಟವಲ್ಲ. ವೀಕ್ಷಕರು ಕೋಣೆಯಲ್ಲಿರುವುದಕ್ಕೆ ತಾಯಿಯ ಒಪ್ಪಿಗೆಯನ್ನು ದಾಖಲಾಗುವಾಗಲೇ ಕೇಳಿ. ನೋವು ಏರಿದ ಮೇಲೆ ಕೇಳಿದ ಒಪ್ಪಿಗೆಗೆ ಅರ್ಥವಿಲ್ಲ. ಒಂದೇ ಹಾಸ್ಟೆಲಿನಲ್ಲಿರುವ ಹುಡುಗಿಯರು ಕಲಿತದ್ದನ್ನು ರಾತ್ರಿ ಹಂಚಿಕೊಳ್ಳುತ್ತಾರೆ, ಅದನ್ನು ತಡೆಯಲಾಗದು, ತಡೆಯಲೂಬಾರದು. ಅದರಿಂದ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಇದ್ದದ್ದಕ್ಕಿಂತ ಕಡಿಮೆ ಕಾಣಬಹುದು ಎಂದು ಮಿತಿಗಳ ಅಧ್ಯಾಯದಲ್ಲಿ ಬರೆಯಿರಿ.

ವೀಕ್ಷಕರಿಗೆ ಯಾವ ಬ್ಯಾಚು ಸಿಮ್ಯುಲೇಷನ್ ಮುಗಿಸಿ ಬಂದಿದೆ ಎಂಬುದು ತಿಳಿದಿರಬಾರದು. ಆದ್ದರಿಂದ ನೀವೇ ವೀಕ್ಷಕರಾಗುವಂತಿಲ್ಲ, ಪಾಳಿಯ ಸ್ಟಾಫ್ ನರ್ಸ್‌ಗೂ ಈ ಹೊರೆ ಹೊರಿಸಬೇಡಿ. ಬೇರೆ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳಲ್ಲಿ ಕೂರಲಿ. ಯಾರೋ ನೋಡುತ್ತಿದ್ದಾರೆ ಎಂದಾಗ ಎಲ್ಲರೂ ಒಂದಿಷ್ಟು ಚೊಕ್ಕವಾಗುತ್ತಾರೆ. ಪ್ರತಿ ಬ್ಯಾಚಿನ ಮೊದಲ ಎರಡು ದಿನದ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದರೆ ಆ ಪರಿಣಾಮ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ವೀಕ್ಷಣೆಯ ಹಾಳೆಯಲ್ಲಿ ‘ಮಾಡಿದಳು’, ‘ಮಾಡಲಿಲ್ಲ’ ಎಂಬ ಎರಡು ಅಂಕಣ ಸಾಲದು. ‘ಅವಕಾಶವಿರಲಿಲ್ಲ’ ಎಂಬ ಮೂರನೆಯದೂ, ಅದರ ಪಕ್ಕದಲ್ಲಿ ಕಾರಣ ಬರೆಯಲು ಜಾಗವೂ ಇರಲೇಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಲವು ವರ್ಷಗಳ ಹಿಂದೆ ಹಾಸನದ ಕಡೆಯ ಒಂದು ಆಸ್ಪತ್ರೆಯಲ್ಲಿ ಇಂಥದೇ ಅಧ್ಯಯನ ಮಾಡಿಸಿದಾಗ, ಬ್ಯಾಗ್ ಪರೀಕ್ಷಿಸುವ ಅಂಶದಲ್ಲಿ ನಮ್ಮ ವಿದ್ಯಾರ್ಥಿಗಳು ಬಹುತೇಕ ಸೊನ್ನೆ ಪಡೆದಿದ್ದರು. ‘ಕಲಿಕೆ ವಾರ್ಡಿಗೆ ವರ್ಗಾವಣೆಯಾಗಿಲ್ಲ’ ಎಂದು ಬರೆದು ವರದಿ ಮುಗಿಸಿದೆವು. ಆಮೇಲೆ ಬೇರೇನೋ ಕೆಲಸಕ್ಕೆ ಆ ಕೋಣೆಗೆ ಹೋದಾಗ ಒಬ್ಬ ಸಿಸ್ಟರ್ ಆಂಬು ಬ್ಯಾಗ್ ತೆಗೆಯಲು ಸೆರಗಿನ ತುದಿಯ ಗಂಟು ಬಿಚ್ಚಿ ಬೀಗದ ಕೈ ತೆಗೆದರು. ಹೊಸ ಬ್ಯಾಗ್ ಕಳೆದುಹೋಗಬಾರದು ಎಂದು ಅದನ್ನು ಗಾಜಿನ ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದರು, ಬೀಗದ ಕೈ ಪಾಳಿಯ ಹಿರಿಯರ ಬಳಿ ಇರುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಮುಟ್ಟಲಾಗದ ವಸ್ತುವನ್ನು ಮುಟ್ಟಲಿಲ್ಲ ಎಂದು ನಾವು ಅವರಿಗೆ ಸೊನ್ನೆ ಕೊಟ್ಟಿದ್ದೆವು. ಮೂರನೇ ಹಂತದಲ್ಲಿ ಫಲ ಕಾಣದಿದ್ದಾಗ ಅದು ಕಲಿಕೆಯ ಸೋಲೋ ವಾರ್ಡಿನ ಅಡ್ಡಿಯೋ ಎಂದು ಹೇಳುವುದು ಈ ಮೂರನೆಯ ಅಂಕಣ ಮಾತ್ರ.

ಈಗ ದತ್ತಾಂಶ ಬಂದಿತೆನ್ನಿ. ಮತ್ತೆ ಊಹೆಯ ಅಂಕಿಗಳು. ಬ್ಯಾಗ್ ಪರೀಕ್ಷೆಗೆ ಅವಕಾಶ ಸಿಕ್ಕ ಹೆರಿಗೆಗಳು ಸಿಮ್ಯುಲೇಷನ್ ಮುಗಿಸಿ ಬಂದ ಪ್ರತಿ ಬ್ಯಾಚಿಗೆ 30ರಂತೆ 90, ಉಳಿದ ಪ್ರತಿ ಬ್ಯಾಚಿಗೆ 28ರಂತೆ 84. ಮೊದಲ ಗುಂಪು 63ರಲ್ಲಿ ಪರೀಕ್ಷಿಸಿದೆ, ಅಂದರೆ ಶೇ. 70, ಎರಡನೆಯದು 42ರಲ್ಲಿ, ಅಂದರೆ ಶೇ. 50. ಇಲ್ಲಿ ಕೈ ತಾನಾಗಿಯೇ 174 ಹೆರಿಗೆಗಳ ಮೇಲೆ ಕೈ-ಸ್ಕ್ವೇರ್ ಪರೀಕ್ಷೆ ಹಾಕಲು ಹೋಗುತ್ತದೆ. ಹಾಕಬೇಡಿ. ಆ 174 ಸ್ವತಂತ್ರ ಸಂಗತಿಗಳಲ್ಲ. ಒಬ್ಬಳೇ ವಿದ್ಯಾರ್ಥಿ ಮೂರು ಹೆರಿಗೆಯಲ್ಲಿದ್ದಾಳೆ, ಒಂದೇ ಬ್ಯಾಚಿನ ಹತ್ತು ಜನ ಒಂದೇ ಎರಡು ವಾರ, ಅದೇ ಸಿಸ್ಟರ್‌ಗಳ ಕೈಕೆಳಗೆ ಇದ್ದಾರೆ. ಮೊದಲು ಪ್ರತಿ ವಿದ್ಯಾರ್ಥಿಗೆ ಒಂದೊಂದು ಪ್ರಮಾಣ ಲೆಕ್ಕ ಹಾಕಿ, 30 ಮತ್ತು 30 ಜನರನ್ನು ಹೋಲಿಸಿ. ಅಷ್ಟೂ ಸಾಲದು. ಬ್ಯಾಚಿನೊಳಗಿನ ಹೋಲಿಕೆಯ ಗುಣಾಂಕ 0.05 ಇದ್ದರೂ, ಹತ್ತು ಜನರ ಬ್ಯಾಚಿನಲ್ಲಿ ಮಾದರಿಯ ಗಾತ್ರವನ್ನು 1.45ರಿಂದ ಭಾಗಿಸಬೇಕಾಗುತ್ತದೆ, ನಿಮ್ಮ 60 ಜನ ಲೆಕ್ಕದಲ್ಲಿ 41 ಜನರಷ್ಟೇ ತೂಗುತ್ತಾರೆ. ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗುವಾಗ ಈ ಒಂದು ಮಾತನ್ನು ಮರೆಯದೆ ಹೇಳಿ, ಏಕೆಂದರೆ ಅವರಿಗೆ ನಿಮ್ಮ ಪೋಸ್ಟಿಂಗ್ ಪಟ್ಟಿಯ ವಿಚಾರ ಗೊತ್ತಿರುವುದಿಲ್ಲ.

ಇದಕ್ಕಿಂತ ಹೆಚ್ಚು ಹೇಳುವುದು ಆರು ಬ್ಯಾಚುಗಳನ್ನು ಬೇರೆ ಬೇರೆಯಾಗಿ ಬರೆದಾಗ. ಸಿಮ್ಯುಲೇಷನ್ ಬ್ಯಾಚುಗಳಲ್ಲಿ 30ಕ್ಕೆ 24, 22 ಮತ್ತು 17. ಉಳಿದವುಗಳಲ್ಲಿ 28ಕ್ಕೆ 16, 14 ಮತ್ತು 12 ಬಂದಿದ್ದರೆ, ಸಿಮ್ಯುಲೇಷನ್ ಮುಗಿಸಿದ ಅತ್ಯಂತ ಹಿಂದುಳಿದ ಬ್ಯಾಚು ಸಿಮ್ಯುಲೇಷನ್ ಇಲ್ಲದ ಅತ್ಯುತ್ತಮ ಬ್ಯಾಚಿನ ಮಟ್ಟದಲ್ಲೇ, ಶೇ. 57ರಲ್ಲಿ, ನಿಂತಿದೆ ಎಂದು ಕಾಣುತ್ತದೆ. ಆಗ 17 ಬಂದ ಆ ಎರಡು ವಾರಗಳ ಹಾಳೆಗಳನ್ನು ತೆಗೆದು ಓದಬೇಕು. ಪೋಸ್ಟಿಂಗ್ ಮೇಲ್ವಿಚಾರಣೆಯ ಶಿಕ್ಷಕರು ಬದಲಾಗಿದ್ದರೇ, ಹೆರಿಗೆಗಳು ಹೆಚ್ಚಾಗಿ ವಿದ್ಯಾರ್ಥಿಗಳು ಓಡಾಟದ ಕೆಲಸಕ್ಕೇ ಸೀಮಿತರಾಗಿದ್ದರೇ, ಸಿಮ್ಯುಲೇಷನ್ ದಿನ ಆ ಬ್ಯಾಚಿಗೆ ಅಭ್ಯಾಸದ ನಂತರದ ಚರ್ಚೆಯಾದ ಡೀಬ್ರೀಫಿಂಗ್ ಮೊಟಕಾಗಿತ್ತೇ? ಕೊನೆಯ ಸಾಧ್ಯತೆಯನ್ನು ಪರಿಶೀಲಿಸಲು ಪ್ರತಿ ಅಧಿವೇಶನದಲ್ಲಿ ಸನ್ನಿವೇಶಕ್ಕೆ ಎಷ್ಟು ನಿಮಿಷ, ಡೀಬ್ರೀಫಿಂಗ್‌ಗೆ ಎಷ್ಟು ನಿಮಿಷ ಹೋಯಿತು, ಎಷ್ಟು ಜನರ ಕೈಗೆ ಬ್ಯಾಗ್ ಸಿಕ್ಕಿತು ಎಂಬ ದಾಖಲೆ ಬೇಕು. ನಾಲ್ಕು ಹಂತಗಳಲ್ಲಿ ಯಾವುದೂ ಇದನ್ನು ಕೇಳುವುದಿಲ್ಲ; ಆ ಮಾದರಿಯ ದೊಡ್ಡ ಕೊರತೆ ಇದೇ ಎಂದು ನನ್ನ ಅಭಿಪ್ರಾಯ. ಕಾರ್ಯಕ್ರಮ ಹೇಳಿದ ಹಾಗೆ ನಡೆಯಿತೇ ಎಂದು ತಿಳಿಯದೆ ಅದು ಫಲ ಕೊಟ್ಟಿತೇ ಎಂದು ಕೇಳಿ ಏನು ಪ್ರಯೋಜನ?

ಉಳಿದದ್ದು ನಿಮ್ಮ ಗೈಡ್ ಮೇಡಂ ಬಯಸುವ ನಾಲ್ಕನೇ ಹಂತ. ಶಿಶುಮರಣವನ್ನಾಗಲಿ, ಉಸಿರುಗಟ್ಟಿ, ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯುಗೆ ದಾಖಲಾದ ಮಕ್ಕಳ ಸಂಖ್ಯೆಯನ್ನಾಗಲಿ ನಿಮ್ಮ ಪ್ರಬಂಧದ ಫಲಿತಾಂಶವಾಗಿ ಇಡಬೇಡಿ. ಮೂರು ತಿಂಗಳ 450 ಹೆರಿಗೆಗಳಲ್ಲಿ ಸಾವಿರಕ್ಕೆ 20ರ ದರದಲ್ಲಿ ನಿರೀಕ್ಷಿಸುವುದೇ ಒಂಬತ್ತು ಸಾವು. ಅದು ಆರಾದರೂ ಹನ್ನೆರಡಾದರೂ ಆಕಸ್ಮಿಕ ಏರಿಳಿತದ ಒಳಗೇ ಬರುತ್ತದೆ. ಅಲ್ಲದೆ ಆ ಮಕ್ಕಳನ್ನು ನೋಡಿಕೊಂಡವರು ವೈದ್ಯರು ಮತ್ತು ಸಿಬ್ಬಂದಿ, ನಿಮ್ಮ ವಿದ್ಯಾರ್ಥಿಗಳಲ್ಲ. ಹೈಡಮ್‌ನಲ್ಲಿ ಮರಣದ ಇಳಿಕೆ ಕಂಡದ್ದು ಹೆರಿಗೆ ಮಾಡಿಸುವ ಸಿಬ್ಬಂದಿಗೇ ತರಬೇತಿ ಕೊಟ್ಟಾಗ, ಸಾವಿರಾರು ಹೆರಿಗೆಗಳನ್ನು ಗಮನಿಸಿದಾಗ.

ಮೇಡಂ ಅವರಿಗೆ ಹೀಗೆ ಹೇಳಿ ನೋಡಿ. ನಾಲ್ಕನೇ ಹಂತದ ಮೊದಲ ಅರ್ಧವಾದ ಸಂಸ್ಥೆಯ ಕಾರ್ಯವಿಧಾನವನ್ನು ವಿವರಣೆಯಾಗಿ ಮಾತ್ರ, ಪರಿಣಾಮದ ಹಕ್ಕು ಸಾಧಿಸದೆ, ಸೇರಿಸಬಹುದು. ಅಧ್ಯಯನದ ಮೊದಲ ವಾರ ಮತ್ತು ಕೊನೆಯ ವಾರ ದಿನಕ್ಕೊಂದು ಬಾರಿ ಹೋಗಿ, ನವಜಾತ ಆರೈಕೆ ಮೂಲೆಯಲ್ಲಿ ಕೆಲಸ ಮಾಡುವ ಬ್ಯಾಗ್, ಎರಡು ಅಳತೆಯ ಮಾಸ್ಕ್, ಬಿಸಿಯಾಗಿರುವ ವಾರ್ಮರ್ ಇದ್ದವೇ ಎಂದು ಗುರುತು ಹಾಕಿಕೊಳ್ಳಿ. ‘ಅವಕಾಶವಿರಲಿಲ್ಲ’ ಅಂಕಣದ ಕಾರಣಗಳನ್ನು ವಿಂಗಡಿಸಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ, ಅವರು ಅದರ ಮೇಲೆ ಏನಾದರೂ ಬದಲಿಸಿದರೇ ಎಂದು ಬರೆಯಿರಿ. ಅದರ ಜೊತೆಗೆ ಕಾಲೇಜಿಗೆ ತಗುಲಿದ ವೆಚ್ಚ. ಹತ್ತು ಜನರ ಬ್ಯಾಚಿಗೆ ಇಬ್ಬರು ಶಿಕ್ಷಕರು ಮೂರು ಗಂಟೆ ಎಂದರೆ ಆರು ಬ್ಯಾಚಿಗೆ 36 ಶಿಕ್ಷಕ-ಗಂಟೆ. ಒಬ್ಬರಿಗೆ ಹತ್ತು ನಿಮಿಷದಂತೆ 60 ಜನರ ಕೌಶಲ ಪರೀಕ್ಷೆ ಪ್ರತಿ ಸುತ್ತಿಗೂ ಹತ್ತು ಗಂಟೆ, ಮೂರು ಸುತ್ತಿಗೆ 30 ಗಂಟೆ, ಪ್ರತಿ ವಿಡಿಯೊವನ್ನು ಇಬ್ಬರು ನೋಡಿದರೆ ಅದರ ಮೇಲೆ ಇನ್ನೂ 60. ಮುಂದಿನ ವರ್ಷ ಇದನ್ನು ಮುಂದುವರಿಸಬೇಕೇ ಎಂದು ಪ್ರಾಂಶುಪಾಲರು ಕೇಳುವಾಗ ಅವರಿಗೆ ಮೊದಲು ಬೇಕಾಗುವುದು ಈ ಲೆಕ್ಕ, ಮತ್ತು ಖರ್ಚಾದ ಗಂಟೆಗಳು ಕಲಿಸುವುದಕ್ಕಿಂತ ಅಳೆಯುವುದಕ್ಕೇ ಹೆಚ್ಚು ಹೋಗಿವೆ ಎಂದು ಅದರಿಂದ ಗೊತ್ತಾದರೆ, ಪ್ರಬಂಧ ಮುಗಿದ ಮೇಲೆ ಇಬ್ಬರು ಪರೀಕ್ಷಕರ ಬದಲು ಒಬ್ಬರನ್ನು ಇಟ್ಟುಕೊಂಡು ಉಳಿದ ಸಮಯವನ್ನು ಹೆರಿಗೆ ಕೋಣೆಯ ಪಕ್ಕದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷದ ಅಭ್ಯಾಸಕ್ಕೆ ಕೊಡಬಹುದು.